ಅಗ್ಗದ ಪೌಚ್ ದುಬಾರಿಯಾಗುವುದು ಎಲ್ಲಿ?

ಮನೆಯಲ್ಲಿ ಚಟ್ನಿಪುಡಿ, ಸಾಂಬಾರ್ ಪುಡಿ ಮಾಡಿ ಅಂಗಡಿಗಳಿಗೆ ಹಾಕುವವರು ತಮ್ಮದೇ ಹೆಸರು ಅಚ್ಚಾದ ಪೌಚ್ ಬೇಕೆಂದು ವಿಚಾರಿಸಿದಾಗ, ತಯಾರಕರ ಸಗಟು ದರಪಟ್ಟಿಯಲ್ಲಿ ಮೂರು ವಿಷಯ ಕಾಣುತ್ತವೆ: ಕನಿಷ್ಠ ಆರ್ಡರ್ ಎಷ್ಟು, ಎಷ್ಟು ಕೊಂಡರೆ ಯಾವ ದರ, ಮಾಲು ಸಿಗಲು ಎಷ್ಟು ದಿನ. ಹೆಚ್ಚಿನವರು ನಡುವಿನ ದರವನ್ನಷ್ಟೇ ನೋಡುತ್ತಾರೆ. ಈ ಮೂರನ್ನೂ ಜೊತೆಗಿಟ್ಟು ಓದದಿದ್ದರೆ ಕೈಸುಡುವುದು ಖಂಡಿತ.

ಕನಿಷ್ಠ ಆರ್ಡರ್ ಎಂಬುದು ವ್ಯಾಪಾರಿಯ ಹಟವಲ್ಲ. ಹೊಳಪಿನ ಬಹುಬಣ್ಣದ ಪೌಚುಗಳು ಸಾಮಾನ್ಯವಾಗಿ ಗ್ರೆವ್ಯೂರ್ ಯಂತ್ರದಲ್ಲಿ ಅಚ್ಚಾಗುತ್ತವೆ. ಅದರಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಯಂತ್ರ ಶುರುವಾದ ಮೇಲೂ ಬಣ್ಣ ಬಣ್ಣಕ್ಕೆ ಸರಿಯಾಗಿ ಕೂರುವವರೆಗೆ ಒಂದಷ್ಟು ಫಿಲ್ಮ್ ವ್ಯರ್ಥವಾಗಿ ಓಡುತ್ತದೆ. ಐದು ಸಾವಿರ ಪೌಚಿಗೂ ಐವತ್ತು ಸಾವಿರಕ್ಕೂ ಈ ನಷ್ಟ ಹೆಚ್ಚುಕಡಿಮೆ ಒಂದೇ. ಅದಕ್ಕೇ ಒಂದು ಮಿತಿಗಿಂತ ಕೆಳಗೆ ಅವರು ಯಂತ್ರ ಹೂಡುವುದಿಲ್ಲ, ಹೆಚ್ಚು ಕೊಂಡವರಿಗೆ ದರ ಇಳಿಸುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 5,000 ಪೌಚಿಗೆ ತಲಾ 6.50 ರೂಪಾಯಿ, 10,000ಕ್ಕೆ 5.40, 25,000ಕ್ಕೆ 4.60. ಐದು ಬಣ್ಣದ ಸಿಲಿಂಡರಿಗೆ 20,000 ರೂಪಾಯಿ ಬೇರೆ. ಈ ಸಿಲಿಂಡರ್ ಖರ್ಚು ಅನೇಕ ಪಟ್ಟಿಗಳಲ್ಲಿ ದರದ ಪಕ್ಕದಲ್ಲಿ ಇರುವುದೇ ಇಲ್ಲ, ಕೇಳಿ ತಿಳಿಯಬೇಕು. ಅದನ್ನು ಕೂಡಿಸಿದರೆ ಮೊದಲ ಆರ್ಡರಿನಲ್ಲಿ ಪೌಚ್ ಒಂದಕ್ಕೆ ಬೀಳುವ ನಿಜವಾದ ಬೆಲೆ ಕ್ರಮವಾಗಿ 10.50, 7.40 ಮತ್ತು 5.40 ರೂಪಾಯಿ.

ಹಾಗಾದರೆ 25,000 ಕೊಳ್ಳುವುದೇ ಲಾಭ ಅನ್ನಿಸುತ್ತದೆ. ಆದರೆ ತಿಂಗಳಿಗೆ 1,000 ಪೊಟ್ಟಣ ಮಾರುವವರಿಗೆ ಅದು ಎರಡು ವರ್ಷಕ್ಕೂ ಮೀರಿದ ಸರಕು. ಪೌಚಿನ ಮೇಲೆ ಪದಾರ್ಥಗಳ ಪಟ್ಟಿ, ತೂಕ, ವಿಳಾಸ, ಆಹಾರ ಪರವಾನಗಿಯ ಸಂಖ್ಯೆ ಎಲ್ಲವೂ ಅಚ್ಚಾಗಿರುತ್ತದೆ. ವರ್ಷದ ಕೊನೆಗೆ ತೂಕವನ್ನೋ ವಿಳಾಸವನ್ನೋ ಬದಲಿಸಬೇಕಾಯಿತು ಎನ್ನಿ. ಬಳಸಿದ್ದು 12,000, ಕೊಟ್ಟದ್ದು 1,35,000 ರೂಪಾಯಿ. ಅಂದರೆ ಪೌಚ್ ಒಂದಕ್ಕೆ 11.25. ಎಲ್ಲಕ್ಕಿಂತ ಅಗ್ಗವೆಂದು ಕೊಂಡದ್ದು ಎಲ್ಲಕ್ಕಿಂತ ದುಬಾರಿಯಾಯಿತು. ಈ ವ್ಯಾಪಾರಕ್ಕೆ ಹತ್ತು ತಿಂಗಳಲ್ಲಿ ಮುಗಿಯುವ 10,000ದ ಆರ್ಡರೇ ಸರಿ.

ದರದ ಮೆಟ್ಟಿಲು ಬದಲಾಗುವ ಕಡೆ ಇನ್ನೊಂದು ಸೂಕ್ಷ್ಮವಿದೆ. 9,000 ಪೌಚ್ ಕೇಳಿದರೆ 6.50ರ ದರದಲ್ಲಿ 58,500 ರೂಪಾಯಿ ಆಗುತ್ತದೆ. 10,000 ಕೇಳಿದರೆ 54,000 ಮಾತ್ರ. ಈ ಪಟ್ಟಿಯಲ್ಲಿ 8,300 ದಾಟಿದ ಅಗತ್ಯವಿರುವವರು 10,000ವನ್ನೇ ತೆಗೆದುಕೊಳ್ಳಬೇಕು. ಜೊತೆಗೆ, ಅಚ್ಚಿನ ಕೆಲಸದಲ್ಲಿ ಹೇಳಿದ ಸಂಖ್ಯೆ ಅಷ್ಟಕ್ಕಷ್ಟೇ ಬರುವುದಿಲ್ಲ. ಶೇ. 10ರಷ್ಟು ಹೆಚ್ಚುಕಡಿಮೆ ಎಂಬ ಷರತ್ತು ಇದ್ದರೆ 11,000 ಬಂದಾಗ ಅಷ್ಟಕ್ಕೂ ಹಣ ಕೊಡಬೇಕಾಗುತ್ತದೆ. ಅದಕ್ಕೆ ಕೈಯಲ್ಲಿ ದುಡ್ಡಿರಲಿ.

ಇನ್ನು ದಿನಗಳ ಲೆಕ್ಕ. ಪಟ್ಟಿಯಲ್ಲಿ 21 ದಿನ ಎಂದಿದ್ದರೆ ಅದು ನೀವು ಫೋನ್ ಮಾಡಿದ ದಿನದಿಂದ ಶುರುವಾಗುವುದಿಲ್ಲ. ಮುಂಗಡ ಕೊಟ್ಟು, ವಿನ್ಯಾಸದ ಕರಡು ನೋಡಿ ಒಪ್ಪಿಗೆ ಕೊಟ್ಟ ಮೇಲೆ ಎಣಿಕೆ. ಆಮೇಲೆ ಸಿಲಿಂಡರ್ ಕೆತ್ತನೆ, ಅಚ್ಚು, ಫಿಲ್ಮಿನ ಪದರಗಳನ್ನು ಅಂಟಿಸುವುದು, ಕತ್ತರಿಸಿ ಪೌಚ್ ಮಾಡುವುದು. ಅಂಟಿಸಿದ ಪದರ ಗಟ್ಟಿಯಾಗಲು ಒಂದೆರಡು ದಿನ ಸುಮ್ಮನೆ ಇಡಲೇಬೇಕು. ಅವಸರ ಮಾಡಿದ ಮಾಲಿನಲ್ಲಿ ಅಂಚನ್ನು ಉಗುರಿನಿಂದ ಎಬ್ಬಿಸಿದರೆ ಪದರ ಬಿಟ್ಟುಕೊಳ್ಳುತ್ತದೆ, ಪೌಚ್ ತೆರೆದರೆ ಶಾಯಿಯ ವಾಸನೆ ಹೊಡೆಯುತ್ತದೆ. ಅಂಥದ್ದರಲ್ಲಿ ಪುಡಿ ತುಂಬಬೇಡಿ.

21 ದಿನಕ್ಕೆ ಸಾಗಣೆಯ ನಾಲ್ಕು ದಿನ ಸೇರಿದರೆ 25. ತಿಂಗಳಿಗೆ 1,000 ಖರ್ಚಾಗುವ ಕಡೆ ಅಷ್ಟರಲ್ಲಿ 830ರಷ್ಟು ಪೌಚ್ ಮುಗಿಯುತ್ತವೆ. ತಡವಾದರೆ ಇರಲಿ ಎಂದು 500 ಸೇರಿಸಿ, ಗೋದಾಮಿನಲ್ಲಿ 1,330ರಷ್ಟು ಉಳಿದಾಗಲೇ ಮುಂದಿನ ಆರ್ಡರ್ ಕೊಡಬೇಕು. ದೀಪಾವಳಿಗೆ ಮುಂಚೆ ಅಚ್ಚಿನವರ ಬಳಿ ಕೆಲಸ ಹೆಚ್ಚಿರುವುದರಿಂದ ಇನ್ನೂ ಬೇಗ ಕೊಟ್ಟರೆ ಒಳ್ಳೆಯದು. ಎರಡನೇ ಆರ್ಡರಿಗೆ ಸಿಲಿಂಡರ್ ಖರ್ಚು ಇರುವುದಿಲ್ಲ, ಕೆತ್ತನೆಯ ದಿನಗಳೂ ಉಳಿಯುತ್ತವೆ. ಆದರೆ ವಿನ್ಯಾಸ ಬದಲಾಗಿರಬಾರದು.

ತಿಂಗಳ ಮಾರಾಟ ಇನ್ನೂ ನೂರಿನ್ನೂರರಲ್ಲಿದ್ದರೆ ಈ ಪಟ್ಟಿಗಳ ಸಹವಾಸವೇ ಬೇಡ. ಸಾದಾ ಪೌಚ್ ಕೊಂಡು ಸ್ಟಿಕರ್ ಅಂಟಿಸಿ. ಮಾರಾಟ ಬೆಳೆದ ಮೇಲೆ ಆರ್ಡರ್ ಕೊಡುವ ಮೊದಲು ನಾಲ್ಕು ಮಾತು ಬರಹದಲ್ಲಿ ಪಡೆಯಿರಿ: ಸಿಲಿಂಡರ್ ಯಾರದು, ಅದನ್ನು ಎಷ್ಟು ಕಾಲ ಕಾದಿಡುತ್ತಾರೆ, ಜಿಎಸ್‌ಟಿ ಮತ್ತು ಸಾಗಣೆ ದರದಲ್ಲಿ ಸೇರಿದೆಯೇ, ದಿನಗಳ ಎಣಿಕೆ ಯಾವಾಗಿನಿಂದ. ನೀವು ಕೊಡಬೇಕಾದ ಆರ್ಡರ್ ಎಷ್ಟೆಂಬುದನ್ನು ನಿಮ್ಮ ತಿಂಗಳ ಮಾರಾಟವೇ ತೀರ್ಮಾನಿಸಲಿ, ಪಟ್ಟಿಯ ಕೊನೆಯ ಸಾಲಿನ ದರವಲ್ಲ.