ಫೋನ್ ಎತ್ತಿದ ಕೂಡಲೇ 'ಹಲೋ' ಏಕೆ? ಮನೆಯಲ್ಲಿ ಏನು, ಕಚೇರಿಯಲ್ಲಿ ಏನು?

ಕೊಲ್ಹಾಪುರ: ಸರಕಾರಿ ಕಚೇರಿಗೆ ಫೋನ್ ಬಂದರೆ 'ಹಲೋ' ಬದಲು 'ವಂದೇ ಮಾತರಂ' ಎನ್ನಬೇಕು ಎಂದು ಮಹಾರಾಷ್ಟ್ರ ಸರಕಾರ 2022ರ ಅಕ್ಟೋಬರ್ 1ರಂದು ಆದೇಶ ಹೊರಡಿಸಿತ್ತು. ಅಂದಿನ ಸಾಂಸ್ಕೃತಿಕ ವ್ಯವಹಾರ ಸಚಿವ ಸುಧೀರ್ ಮುನಗಂಟಿವಾರ್ ಆಗಸ್ಟ್‌ನಲ್ಲೇ ಇದನ್ನು ಘೋಷಿಸಿದ್ದರು. ಹಲೋ ಪರದೇಶಿ ಶಬ್ದ, ಅದಕ್ಕೆ ಅರ್ಥವೂ ಇಲ್ಲ ಎಂಬುದು ಸರಕಾರದ ವಾದ. ವಿರೋಧ ಬಂದಾಗ, ದೇಶಾಭಿಮಾನ ತೋರುವ ಬೇರೆ ಶಬ್ದವಾದರೂ ನಡೆಯುತ್ತದೆ ಎಂದು ಸಚಿವರು ಹೇಳಿದರು. ಕಾಂಗ್ರೆಸ್‌ನ ನಾನಾ ಪಟೋಲೆ 'ಜೈ ಬಲಿರಾಜಾ' ಎನ್ನುವುದಾಗಿ ಉತ್ತರ ಕೊಟ್ಟರು. ಆ ಆದೇಶ ನೌಕರರಿಗೆ ಸಂಬಂಧಿಸಿದ್ದು. ಕಚೇರಿಗೆ ಫೋನ್ ಮಾಡುವ ರೈತ ಏನಾದರೂ ಅನ್ನಬಹುದಿತ್ತು.

ಹಾಗಾದರೆ ಈ 'ಅರ್ಥವಿಲ್ಲದ' ಶಬ್ದ ಫೋನಿಗೆ ಅಂಟಿಕೊಂಡಿದ್ದು ಹೇಗೆ? ಹಲೋ ಎಂಬುದು ಗ್ರಹಾಂ ಬೆಲ್‌ನ ಪ್ರೇಯಸಿ 'ಮಾರ್ಗರೆಟ್ ಹಲೋ' ಎಂಬಾಕೆಯ ಹೆಸರು ಎಂಬ ಮೆಸೇಜ್ ಮೊಬೈಲಿನಲ್ಲಿ ಹಲವರು ಓದಿರಬಹುದು. ಅದು ಕಟ್ಟುಕಥೆ. ಬೆಲ್ 1877ರಲ್ಲಿ ಮದುವೆಯಾಗಿದ್ದು ಮೇಬಲ್ ಹಬ್ಬರ್ಡ್ ಎಂಬಾಕೆಯನ್ನು. ಅಲ್ಲದೆ ಫೋನಿನಲ್ಲಿ ಹೇಳಲು ಬೆಲ್‌ಗೆ ಇಷ್ಟವಿದ್ದ ಶಬ್ದ 'ಅಹೋಯ್', ಅಂದರೆ ಹಡಗಿನವರು ಒಬ್ಬರನ್ನೊಬ್ಬರು ಕೂಗಿ ಕರೆಯುವ ಶಬ್ದ.

ಹಲೋ ಹಿಂದೆ ಇರುವವನು ಥಾಮಸ್ ಎಡಿಸನ್. ಆಗ ಫೋನಿಗೆ ಗಂಟೆ ಇರಲಿಲ್ಲ. ಎರಡು ಕಚೇರಿಗಳ ನಡುವೆ ತಂತಿ ಎಳೆದು ಲೈನನ್ನು ಸದಾ ತೆರೆದಿಡುವ ಯೋಚನೆ ಇತ್ತು. ಆ ಕಡೆ ಇರುವವನನ್ನು ಯಂತ್ರದ ಹತ್ತಿರ ಕರೆಯುವುದು ಹೇಗೆ? ಎಡಿಸನ್ 1877ರ ಆಗಸ್ಟ್ 15ರಂದು ಪಿಟ್ಸ್‌ಬರ್ಗ್‌ನ ಟೆಲಿಗ್ರಾಫ್ ಕಂಪನಿಯೊಂದರ ಮುಖ್ಯಸ್ಥನಿಗೆ ಪತ್ರ ಬರೆದು, ಹಲೋ ಎಂದು ಕೂಗಿದರೆ 10-20 ಅಡಿ ದೂರ ಕೇಳಿಸುತ್ತದೆ, ಗಂಟೆ ಬೇಕಾಗಲಾರದು ಎಂದ. ನಮ್ಮ ಹೊಲದಲ್ಲಿ ದೂರದವನನ್ನು 'ಓಯ್' ಎಂದು ಕೂಗುವ ಹಾಗೆ. ಗಂಟೆ ಬಂದೇ ಬಂತು, ಆದರೆ ಕೂಗು ಹೋಗಲಿಲ್ಲ. 1878ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಶುರುವಾದ ಎಕ್ಸ್‌ಚೇಂಜ್ ಕೂಡ ಗ್ರಾಹಕರಿಗೆ ಇದೇ ಜಾತಿಯ ಶಬ್ದವನ್ನು ಸೂಚಿಸಿತು.

ಎರಡು ಭಾಷೆಯ ಗಡಿಭಾಗದಲ್ಲಿ ಈ ಶಬ್ದಕ್ಕೆ ಇನ್ನೊಂದು ಉಪಯೋಗವಿದೆ. ಮುಖಾಮುಖಿ ಸಿಕ್ಕಾಗ ಇಲ್ಲಿ ಒಬ್ಬರು 'ರಾಮ್ ರಾಮ್' ಅಂದರೆ ಇನ್ನೊಬ್ಬರು 'ಶರಣು ಶರಣಾರ್ಥಿ', 'ಜಯ ಜಿನೇಂದ್ರ', 'ಜೈ ಭೀಮ್' ಇಲ್ಲವೇ 'ಸಲಾಂ' ಅನ್ನುತ್ತಾರೆ. ಎದುರಿನವರು ಯಾರೆಂದು ಗೊತ್ತಿದ್ದಾಗ ಇವು ಚೆಂದ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದಾಗ ಹಲೋ ಅಂದರೆ ಜಾತಿ-ಧರ್ಮವೂ ತಿಳಿಯದು, ಕನ್ನಡವೋ ಮರಾಠಿಯೋ ಎಂಬುದೂ ತಿಳಿಯದು.

ಮನೆಯಲ್ಲಿ ಈ ತೊಂದರೆ ಇಲ್ಲ. ಪರದೆಯ ಮೇಲೆ ಹೆಸರು ಕಾಣುತ್ತದೆ. ಗಡಹಿಂಗ್ಲಜದ ಕಡೆಯ ಹಳ್ಳಿಯಲ್ಲಿ ಪುಣೆಯಿಂದ ಮಗ ಫೋನ್ ಮಾಡಿದರೆ ತಾಯಿ ಹಲೋ ಕೂಡ ಅನ್ನುವುದಿಲ್ಲ. 'ಹಾಂ, ಹೇಳೋ ತಮ್ಮಾ, ಊಟ ಆತೇನು?' ಎಂದೇ ಶುರು. ಬೀಗರ ಫೋನಾದರೆ 'ನಮಸ್ಕಾರ್ರೀ, ಆರಾಮ ಅದೀರಿಲ್ರಿ?' ಸಂಬಂಧ ನೋಡಿ 'ಹೇಳು' ಅಥವಾ 'ಹೇಳ್ರಿ', ಮರಾಠಿಯಲ್ಲಿ 'ಬೋಲ್' ಅಥವಾ 'ಬೋಲಾ'.

ಇದೇ ರೂಢಿ ಕೆಲಸದ ಜಾಗದಲ್ಲಿ ಕೆಡುತ್ತದೆ. ಉದಾಹರಣೆಗೆ ಇಚಲಕರಂಜಿಯ ನೂಲಿನ ಅಂಗಡಿಗೆ ರಬಕವಿಯ ನೇಕಾರರೊಬ್ಬರು ಮೊದಲ ಸಲ ಫೋನ್ ಮಾಡಿದರು ಎನ್ನಿ. ಅಂಗಡಿಯ ಹುಡುಗ 'ಹಲೋ' ಅಂದ. ಇವರೂ 'ಹಲೋ' ಅಂದರು. ಮತ್ತೆರಡು ಹಲೋ ಆದ ಮೇಲೆ ಹುಡುಗ 'ಕೋಣ್?' ಎಂದು ಗಡುಸಾಗಿ ಕೇಳಿದ. ಇದು ಅಂಗಡಿಯೋ, ಯಾರದೋ ಮನೆಯೋ ತಿಳಿಯದೆ ನೇಕಾರರು ಫೋನ್ ಇಟ್ಟುಬಿಟ್ಟರು. ಗಿರಾಕಿ ಹೋಯಿತು.

ಹುಡುಗ ಹಲೋ ಅಂದದ್ದು ತಪ್ಪಲ್ಲ, ಅಲ್ಲಿಗೇ ನಿಲ್ಲಿಸಿದ್ದು ತಪ್ಪು. ಹಲೋ ಎಂದರೆ 'ಲೈನಿನಲ್ಲಿದ್ದೇನೆ' ಎಂದಷ್ಟೇ. ಕೆಲಸದ ಜಾಗಕ್ಕೆ ಫೋನ್ ಮಾಡುವವರಿಗೆ ಮೊದಲು ಬೇಕಾದದ್ದು ನಂಬರ್ ಸರಿಯೇ ಎಂಬುದು. ಆದ್ದರಿಂದ 'ನಮಸ್ಕಾರ' ಎಂದು ಹೇಳಿ ಅಂಗಡಿಯ ಹೆಸರು, 'ಇಚಲಕರಂಜಿ' ಎಂಬ ಊರ ಹೆಸರು, ಸಾಧ್ಯವಾದರೆ ತನ್ನ ಹೆಸರು, ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ನಮಸ್ಕಾರ ಕನ್ನಡಕ್ಕೂ ಮರಾಠಿಗೂ ಒಂದೇ ಶಬ್ದ. ಊರು, ಅಂಗಡಿಯ ಹೆಸರಿಗೂ ಭಾಷೆ ಇಲ್ಲ. ಹೀಗೆ ಹೇಳಿ ಒಂದು ಕ್ಷಣ ಸುಮ್ಮನಿದ್ದರೆ ಆ ಕಡೆಯವರು ತಮಗೆ ಬಂದ ಭಾಷೆಯಲ್ಲಿ ಮಾತು ತೆಗೆಯುತ್ತಾರೆ, ಅದೇ ಭಾಷೆಯಲ್ಲಿ ಮುಂದುವರಿದರಾಯಿತು. ಹೆಸರು ಕೇಳಲೇಬೇಕಾದರೆ 'ಕೋಣ್?' ಬದಲು 'ಆಪಣ ಕೋಣ್ ಬೋಲತಾಯ?', 'ಯಾರ್?' ಬದಲು 'ತಾವು ಯಾರ್ರಿ ಮಾತಾಡೋದು?' ಎನ್ನಬೇಕು.

ಫೋನ್ ಮಾಡಿದವರಿಗೂ ಇದೇ ಮಾತು. ಎತ್ತಿದವರು ಬರೀ ಹಲೋ ಎಂದು ನಿಂತರೆ ತಿರುಗಿ ಹಲೋ ಅನ್ನುವುದು ಬೇಡ. ತಮ್ಮ ಹೆಸರು, ಊರು ಮೊದಲು ಹೇಳಿದರೆ ಆ ಕಡೆಯವರೂ ತಾವು ಯಾರೆಂದು ಹೇಳುತ್ತಾರೆ.