ಈ ವರ್ಷದ ರೀಫಂಡ್ ಹಳೆಯ ಡಿಮ್ಯಾಂಡ್‌ಗೆ ಹೋಯ್ತು: ಉತ್ತರ ಕೊಡಬೇಕಾದ್ದು ಯಾವ ವರ್ಷಕ್ಕೆ?

ಇವತ್ತಿನ ವಿಷಯ ಆದಾಯ ತೆರಿಗೆಯ ಇಂಟಿಮೇಶನ್ ಆರ್ಡರ್. ರಿಟರ್ನ್ ಫೈಲ್ ಮಾಡಿ ರೀಫಂಡ್‌ಗೆ ಕಾಯ್ತಾ ಇರ್ತೀರಿ. ಬೆಂಗಳೂರಿನ ಸಿಪಿಸಿಯಿಂದ ಸೆಕ್ಷನ್ 143(1) ಇಂಟಿಮೇಶನ್ ಬರುತ್ತೆ. ಲೆಕ್ಕ ಎಲ್ಲಾ ಸರಿ ಇದೆ, ನೀವು ಹೇಳಿದಷ್ಟೇ ರೀಫಂಡ್ ಒಪ್ಪಿದ್ದಾರೆ. ಆದರೆ ಕೊನೆಯಲ್ಲಿ ಒಂದು ಸಾಲು: ಹಿಂದಿನ ಒಂದು ವರ್ಷದ ಬಾಕಿ ಡಿಮ್ಯಾಂಡ್‌ಗೆ ಇಷ್ಟು ಹೊಂದಾಣಿಕೆ ಮಾಡಲಾಗಿದೆ. ಅಕೌಂಟ್‌ಗೆ ಬರೋದು ಚೂರುಪಾರು, ಇಲ್ಲಾಂದ್ರೆ ಸೊನ್ನೆ.

ಇಲ್ಲಿ ತುಂಬಾ ಜನ ಮೊದಲು ಮಾಡೋದು ಈ ವರ್ಷದ ಆರ್ಡರ್ ಮೇಲೆ ರೆಕ್ಟಿಫಿಕೇಶನ್ ಹಾಕೋದು. ಅದರಿಂದ ಏನೂ ಆಗಲ್ಲ, ಯಾಕಂದ್ರೆ ಈ ವರ್ಷದ ಆರ್ಡರ್‌ನಲ್ಲಿ ತಪ್ಪೇ ಇಲ್ಲ. ತಪ್ಪು ಇದ್ದರೆ ಅದು ಹಳೆಯ ವರ್ಷದ ಆರ್ಡರ್‌ನಲ್ಲಿ ಕೂತಿದೆ. ಉತ್ತರ ಅಲ್ಲಿಗೇ ಹೋಗಬೇಕು. ಇದೊಂದು ಅರ್ಥ ಆದರೆ ಮಿಕ್ಕಿದ್ದು ಸುಲಭ. ನಾನಿಲ್ಲಿ ಹೇಳುವ ಸೆಕ್ಷನ್ ನಂಬರ್‌ಗಳೆಲ್ಲ 1961ರ ಕಾಯ್ದೆಯವು.

ಹಣ ಹಿಡಿಯುವ ಅಧಿಕಾರ ಎಲ್ಲಿಂದ ಬಂತು?

ಸೆಕ್ಷನ್ 245 ಪ್ರಕಾರ, ನಿಮ್ಮ ಹೆಸರಲ್ಲಿ ಹಳೆಯ ಬಾಕಿ ಇದ್ದರೆ ಇಲಾಖೆ ರೀಫಂಡನ್ನ ಅದಕ್ಕೆ ಜಮಾ ಮಾಡಿಕೊಳ್ಳಬಹುದು. ಆದರೆ ಮೊದಲು ಬರವಣಿಗೆಯಲ್ಲಿ ನಿಮಗೆ ತಿಳಿಸಬೇಕು. 2013ರಲ್ಲಿ ದೆಹಲಿ ಹೈಕೋರ್ಟ್ ಕೂಡ ಇದನ್ನ ಒತ್ತಿ ಹೇಳಿದೆ: ಮುಂಚೆ ತಿಳಿಸಿ, ಉತ್ತರಕ್ಕೆ ಅವಕಾಶ ಕೊಟ್ಟ ಮೇಲೆಯೇ ಹೊಂದಾಣಿಕೆ.

ಹಾಗಾಗಿ ಆರ್ಡರ್‌ಗಿಂತ ಮುಂಚೆ ಸಾಮಾನ್ಯವಾಗಿ ಇನ್ನೊಂದು ಇಮೇಲ್ ಬಂದಿರುತ್ತೆ. ಉತ್ತರ ಕೊಡೋಕೆ ಎಷ್ಟು ದಿನ ಅಂತ ಅದರಲ್ಲೇ ಬರೆದಿರುತ್ತೆ. ಆ ಗಡುವಿನೊಳಗೆ ಉತ್ತರ ಬರದಿದ್ದರೆ ನಿಮ್ಮ ತಕರಾರು ಇಲ್ಲ ಅಂತ ತಿಳಿದು ಹಣ ಹೊಂದಿಸಿಬಿಡ್ತಾರೆ. ನಮ್ಮಂಥ ಊರು ಬಿಟ್ಟು ಬಂದವರಿಗೆ ತೊಂದರೆ ಇಲ್ಲೇ. ಪೋರ್ಟಲ್ ಪ್ರೊಫೈಲ್‌ನಲ್ಲಿ ಹಳೇ ಆಫೀಸಿನ ಇಮೇಲ್, ಬಿಟ್ಟುಬಿಟ್ಟ ಬೆಂಗಳೂರಿನ ಸಿಮ್ ನಂಬರ್ ಹಾಗೇ ಉಳಿದಿರುತ್ತೆ. ಡಿಮ್ಯಾಂಡ್ ಹುಟ್ಟಿದ್ದೂ ಗೊತ್ತಾಗಲ್ಲ, ಹೊಂದಾಣಿಕೆಯ ನೋಟಿಸ್ ಬಂದದ್ದೂ ಗೊತ್ತಾಗಲ್ಲ.

ಒಂದು ಉದಾಹರಣೆ

ಹುಬ್ಬಳ್ಳಿ ಕಡೆಯ ನನ್ನ ಗೆಳೆಯರೊಬ್ಬರು ಪುಣೆಯಲ್ಲಿದ್ದಾರೆ. ಅವರ ಕೇಸನ್ನೇ ತಗೊಳ್ಳೋಣ. ಲೆಕ್ಕ ಸುಲಭ ಆಗಲಿ ಅಂತ ಅಂಕಿಗಳನ್ನ ಸ್ವಲ್ಪ ದುಂಡಗೆ ಮಾಡಿದೀನಿ.

ಅಸೆಸ್‌ಮೆಂಟ್ ವರ್ಷ 2025-26ರ ಆರ್ಡರ್ ಅವರಿಗೆ ಸೆಪ್ಟೆಂಬರ್ 2025ರಲ್ಲಿ ಬಂತು. ರೀಫಂಡ್ 46,000, ಅದರ ಮೇಲೆ ಸೆಕ್ಷನ್ 244ಎ ಬಡ್ಡಿ ತಿಂಗಳಿಗೆ ಅರ್ಧ ಪರ್ಸೆಂಟ್‌ನಂತೆ ಆರು ತಿಂಗಳಿಗೆ 1,380. ಒಟ್ಟು 47,380 ರೂಪಾಯಿ. ಅದರಲ್ಲಿ 36,379 ರೂಪಾಯಿ 2022-23ರ ಡಿಮ್ಯಾಂಡ್‌ಗೆ ಹೋಗಿ, ಕೈಗೆ ಬಂದದ್ದು 11,001.

2022-23ರಲ್ಲಿ ಏನಾಗಿತ್ತು? ಅವರು ಆ ಆರ್ಥಿಕ ವರ್ಷದ ಮಧ್ಯದಲ್ಲಿ ಕೆಲಸ ಬದಲಾಯಿಸಿ ಒಂದು ಚಿಕ್ಕ ಕಂಪನಿ ಸೇರಿದ್ದರು. ಜನವರಿಯಿಂದ ಮಾರ್ಚ್ 2022ರವರೆಗೆ ಆ ಕಂಪನಿ ಸಂಬಳದಲ್ಲಿ 24,000 ಟಿಡಿಎಸ್ ಮುರಿದಿತ್ತು. ಆದರೆ ಆ ಕ್ವಾರ್ಟರ್‌ನ ಟಿಡಿಎಸ್ ಸ್ಟೇಟ್‌ಮೆಂಟನ್ನ ಸಮಯಕ್ಕೆ ಫೈಲ್ ಮಾಡಿರಲಿಲ್ಲ. ಗೆಳೆಯರು ಜುಲೈನಲ್ಲಿ ಪೇಸ್ಲಿಪ್ ನೋಡಿ ಪೂರ್ತಿ ಟಿಡಿಎಸ್ ತೋರಿಸಿ ರಿಟರ್ನ್ ಹಾಕಿದರು. ಡಿಸೆಂಬರ್ 2022ರಲ್ಲಿ ಸಿಪಿಸಿ ಪ್ರೊಸೆಸ್ ಮಾಡಿದಾಗ 26ಎಎಸ್‌ನಲ್ಲಿ ಆ 24,000 ಇರಲಿಲ್ಲ. ಸಿಪಿಸಿ ಆ ಟಿಡಿಎಸ್‌ಗೆ ಕ್ರೆಡಿಟ್ ಕೊಡಲಿಲ್ಲ.

ಕ್ರೆಡಿಟ್ ಸಿಗದಿದ್ದರೆ ಅಷ್ಟು ತೆರಿಗೆಯನ್ನ ನೀವು ಅಡ್ವಾನ್ಸ್ ಟ್ಯಾಕ್ಸ್ ಆಗಿ ಕಟ್ಟಬೇಕಿತ್ತು ಅಂತ ಸಿಸ್ಟಮ್ ತಿಳಿಯುತ್ತೆ. ಆದ್ದರಿಂದ 234ಬಿ ಪ್ರಕಾರ ಒಂಬತ್ತು ತಿಂಗಳ ಬಡ್ಡಿ 2,160, 234ಸಿ ಪ್ರಕಾರ 1,212 ಸೇರಿ ಡಿಮ್ಯಾಂಡ್ 27,370 ಆಯ್ತು. ಇಮೇಲ್ ಹೋದದ್ದು ಅಷ್ಟರಲ್ಲಿ ಅವರು ಬಿಟ್ಟಿದ್ದ ಅದೇ ಕಂಪನಿಯ ಐಡಿಗೆ. ಮೂವತ್ತು ದಿನದೊಳಗೆ ಕಟ್ಟದ ಡಿಮ್ಯಾಂಡ್ ಮೇಲೆ ಸೆಕ್ಷನ್ 220(2) ಪ್ರಕಾರ ತಿಂಗಳಿಗೆ ಒಂದು ಪರ್ಸೆಂಟ್ ಬಡ್ಡಿ ಓಡುತ್ತೆ. ಜನವರಿ 2023ರಿಂದ ಸೆಪ್ಟೆಂಬರ್ 2025ಕ್ಕೆ 33 ತಿಂಗಳು, 9,009 ರೂಪಾಯಿ. ಎರಡೂ ಕೂಡಿದರೆ ಅದೇ 36,379.

ಅಂದ್ರೆ 24,000 ರೂಪಾಯಿಯ ಒಂದು ಎಂಟ್ರಿ ತಡವಾಗಿ ಬಂದದ್ದಕ್ಕೆ, ಅವರದ್ದೇ ಅದರ ಒಂದೂವರೆ ಪಟ್ಟು ಹಣ ಹೋಯ್ತು.

ಮೊದಲು ಏನು ನೋಡಬೇಕು?

ಈ ವರ್ಷದ ಆರ್ಡರ್‌ನಲ್ಲಿ ಹೊಂದಾಣಿಕೆಯ ಟೇಬಲ್ ಹುಡುಕಿ. ಯಾವ ಅಸೆಸ್‌ಮೆಂಟ್ ವರ್ಷ, ಡಿಮ್ಯಾಂಡ್ ರೆಫರೆನ್ಸ್ ನಂಬರ್, ಎಷ್ಟು ಮೊತ್ತ ಅನ್ನೋದನ್ನ ಬರೆದಿಟ್ಟುಕೊಳ್ಳಿ. ಆಮೇಲೆ ಪೋರ್ಟಲ್‌ನಲ್ಲಿ `e-File > Income Tax Returns > View Filed Returns` ಗೆ ಹೋಗಿ, ಆ ಹಳೆಯ ವರ್ಷದ ಇಂಟಿಮೇಶನ್ ಡೌನ್‌ಲೋಡ್ ಮಾಡಿ. ಪಿಡಿಎಫ್ ಪಾಸ್‌ವರ್ಡ್ ಅಂದ್ರೆ ಸಣ್ಣ ಅಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿಕೊಂಡ ಹಾಗೆ ನಿಮ್ಮ ಹುಟ್ಟಿದ ದಿನ, ತಿಂಗಳು, ವರ್ಷದ ಎಂಟು ಅಂಕಿ.

ಅದರಲ್ಲಿ ಎರಡು ಕಾಲಂ ಇರುತ್ತೆ. ಒಂದು ನೀವು ರಿಟರ್ನ್‌ನಲ್ಲಿ ಹೇಳಿದ್ದು, ಇನ್ನೊಂದು ಸಿಪಿಸಿ ಲೆಕ್ಕ ಹಾಕಿದ್ದು. ಸಾಲು ಸಾಲಾಗಿ ಕೆಳಗೆ ಬನ್ನಿ. ಎರಡೂ ಕಾಲಂ ಮೊದಲ ಸಲ ಬೇರೆಯಾಗುವ ಸಾಲೇ ಡಿಮ್ಯಾಂಡ್‌ನ ಮೂಲ. ಆದಾಯದ ಸಾಲಲ್ಲಿ ಬೇರೆಯಾದರೆ ಯಾವುದೋ ಆದಾಯ ಸೇರಿಸಿದ್ದಾರೆ ಅಥವಾ ಡಿಡಕ್ಷನ್ ಕಡಿತ ಮಾಡಿದ್ದಾರೆ. ಆದಾಯ, ತೆರಿಗೆ ಎರಡೂ ಸರಿ ಇದ್ದು ಟಿಡಿಎಸ್ ಸಾಲಲ್ಲಿ ಬೇರೆಯಾದರೆ ಅದು ಕ್ರೆಡಿಟ್‌ನ ಸಮಸ್ಯೆ.

ಗೆಳೆಯರದ್ದು ಟಿಡಿಎಸ್ ಸಾಲು. ಹಾಗಾಗಿ ಆ ವರ್ಷದ 26ಎಎಸ್ ಈಗ ಮತ್ತೆ ತೆಗೆದು ನೋಡಿದೆವು. ಆ 24,000 ಅಲ್ಲಿತ್ತು! ಪ್ರತಿ ಎಂಟ್ರಿ ಪಕ್ಕ `Date of Booking` ಅಂತ ಒಂದು ಕಾಲಂ ಇರುತ್ತೆ. ಅಲ್ಲಿ ಫೆಬ್ರವರಿ 2023 ಅಂತಿತ್ತು. ಇಂಟಿಮೇಶನ್ ಆದ ಎರಡು ತಿಂಗಳಿಗೆ ಕಂಪನಿ ಸ್ಟೇಟ್‌ಮೆಂಟ್ ಫೈಲ್ ಮಾಡಿದೆ, ಆದರೆ ಸಿಪಿಸಿ ತಾನಾಗಿ ಹಿಂದಿರುಗಿ ನೋಡಿಲ್ಲ.

ಹೊಂದಾಣಿಕೆಗೆ ಮುಂಚೆಯೇ ನೋಟಿಸ್ ಸಿಕ್ಕರೆ

`Pending Actions > Response to Outstanding Demand` ತೆರೆಯಿರಿ. ಅಲ್ಲಿ ಡಿಮ್ಯಾಂಡ್ ಸರಿ ಅಂತ ಒಪ್ಪುವ ಆಯ್ಕೆ ಒಂದಿದೆ. ಲೆಕ್ಕ ನೋಡದೆ ಅದನ್ನ ಒತ್ತಬೇಡಿ, ಒಮ್ಮೆ ಒಪ್ಪಿದರೆ ಆಮೇಲೆ ಅಲ್ಲಿ ತಕರಾರು ಹೇಳೋಕೆ ಬಿಡಲ್ಲ.

ಒಪ್ಪದಿದ್ದರೆ ಕಾರಣ ಆರಿಸಬೇಕು: ಹಣ ಆಗಲೇ ಕಟ್ಟಿದ್ದೀನಿ, ಚಲನ್ ಇದೆ, ರೆಕ್ಟಿಫಿಕೇಶನ್ ಹಾಕಿದ್ದೀನಿ, ಅಪೀಲಿನಲ್ಲಿದೆ, ಹೀಗೆ. ಆದರೆ ಒಪ್ಪಲ್ಲ ಅಂದ ಮಾತ್ರಕ್ಕೆ ಡಿಮ್ಯಾಂಡ್ ಅಳಿಸಿಹೋಗಲ್ಲ. ಹೊಂದಾಣಿಕೆಗೆ ನಿಮ್ಮ ಆಕ್ಷೇಪ ದಾಖಲಾಗುತ್ತೆ, ಅಷ್ಟೇ. ಡಿಮ್ಯಾಂಡ್ ಹುಟ್ಟಿದ ಆರ್ಡರ್ ತಿದ್ದುಪಡಿ ಆಗಬೇಕು. ಹಾಗಾಗಿ ಮೊದಲು ಹಳೆಯ ವರ್ಷಕ್ಕೆ ರೆಕ್ಟಿಫಿಕೇಶನ್ ಹಾಕಿ, ಆಮೇಲೆ ಅದನ್ನೇ ಕಾರಣವಾಗಿ ಇಲ್ಲಿ ತೋರಿಸಿ.

ಹಣ ಆಗಲೇ ಹೋಗಿದ್ದರೆ

ಪೂರ್ತಿ ಹೊಂದಾಣಿಕೆ ಆದಮೇಲೆ ಬಾಕಿ ಸೊನ್ನೆ. ಡಿಮ್ಯಾಂಡ್ ಪುಟದಲ್ಲಿ ಉತ್ತರಿಸೋಕೆ ಏನೂ ಉಳಿದಿರಲ್ಲ. ಇನ್ನು ದಾರಿ ಇಲ್ಲ ಅಂತ ಜನ ಬಿಟ್ಟುಬಿಡೋದು ಇಲ್ಲೇ. ಆದರೆ ರೆಕ್ಟಿಫಿಕೇಶನ್‌ಗೆ ಬಾಕಿ ಇರಲೇಬೇಕು ಅಂತೇನಿಲ್ಲ.

`Services > Rectification` ಗೆ ಹೋಗಿ, ಹೊಸ ರಿಕ್ವೆಸ್ಟ್‌ನಲ್ಲಿ ಹಳೆಯ ವರ್ಷವನ್ನ ಆರಿಸಿ. ಗೆಳೆಯರ ರಿಟರ್ನ್‌ನಲ್ಲಿ ಟಿಡಿಎಸ್ ಸರಿಯಾಗಿಯೇ ಇತ್ತು, 26ಎಎಸ್ ಮಾತ್ರ ತಡವಾಗಿ ಸರಿಯಾಯ್ತು. ಅದಕ್ಕೆ `Reprocess the return` ಸಾಕು. ರಿಟರ್ನ್‌ನಲ್ಲೇ ನೀವು ಕಂಪನಿಯ ಟ್ಯಾನ್ ಅಥವಾ ಮೊತ್ತ ತಪ್ಪಾಗಿ ತುಂಬಿದ್ದರೆ `Tax credit mismatch correction` ಆರಿಸಿ ಆ ವಿವರ ತಿದ್ದಬೇಕು.

ಅರ್ಜಿ ಬಂದ ತಿಂಗಳ ಕೊನೆಯಿಂದ ಆರು ತಿಂಗಳಲ್ಲಿ ತೀರ್ಮಾನ ಆಗಬೇಕು ಅನ್ನುತ್ತೆ ಸೆಕ್ಷನ್ 154. ಕ್ರೆಡಿಟ್ ಸಿಕ್ಕಿದ ಕೂಡಲೇ 24,000 ಮಾತ್ರ ಅಲ್ಲ, ಅದರಿಂದ ಹುಟ್ಟಿದ 234ಬಿ, 234ಸಿ, 220(2) ಬಡ್ಡಿಗಳೂ ಬಿದ್ದುಹೋಗುತ್ತವೆ. ಈ ವರ್ಷದ ರೀಫಂಡ್‌ನಿಂದ ಹಿಡಿದ ಹಣ ಹಳೆಯ ವರ್ಷಕ್ಕೆ ನೀವು ಕಟ್ಟಿದ ಹಣ ಅಂತ ಲೆಕ್ಕ ಆಗಿ, 2022-23ರ ರೀಫಂಡ್ ಆಗಿ ಬಡ್ಡಿ ಸಮೇತ ವಾಪಸ್ ಬರುತ್ತೆ. ಹಾಗಾಗಿ ಈ ವರ್ಷದ ರೀಫಂಡ್ ಸ್ಟೇಟಸ್ ನೋಡ್ತಾ ಕೂರಬೇಡಿ.

ಗಡುವು ಮತ್ತು ಎಡವಟ್ಟುಗಳು

ಹಳೆಯ ಆರ್ಡರ್ ಆದ ಆರ್ಥಿಕ ವರ್ಷ ಮುಗಿದು ನಾಲ್ಕು ವರ್ಷದೊಳಗೆ ರೆಕ್ಟಿಫಿಕೇಶನ್ ಹಾಕಬೇಕು. ಡಿಸೆಂಬರ್ 2022ರ ಆರ್ಡರ್‌ಗೆ 31 ಮಾರ್ಚ್ 2027ರ ತನಕ. ಎಣಿಕೆ ಹಳೆಯ ಆರ್ಡರ್‌ನಿಂದ, ಹೊಂದಾಣಿಕೆ ಆದ ದಿನದಿಂದ ಅಲ್ಲ. ಇದೇ ಕಾರಣಕ್ಕೆ, ಮೊತ್ತ ಚಿಕ್ಕದು ಅಂತ ಮುಂದೂಡಬೇಡಿ.

ಡಿಮ್ಯಾಂಡ್ ವಿವರದಲ್ಲಿ ರೆಕ್ಟಿಫಿಕೇಶನ್ ಹಕ್ಕು ಯಾರದ್ದು ಅಂತಲೂ ನೋಡಿ. ಸಿಪಿಸಿ ಅಂತಿದ್ದರೆ ಮೇಲೆ ಹೇಳಿದ ದಾರಿ. ಅಸೆಸಿಂಗ್ ಆಫೀಸರ್ ಅಂತಿದ್ದರೆ ಅವರಿಗೇ ಅರ್ಜಿ ಹೋಗಬೇಕು. ನೀವು ಪುಣೆಗೋ ಚೆನ್ನೈಗೋ ಬಂದು ಹತ್ತು ವರ್ಷ ಆಗಿದ್ದರೂ, ಪ್ಯಾನ್ ವರ್ಗ ಆಗದಿದ್ದರೆ ನಿಮ್ಮ ಆಫೀಸರ್ ಇನ್ನೂ ಬೆಂಗಳೂರಿನ ವಾರ್ಡ್‌ನಲ್ಲೇ ಇರ್ತಾರೆ. ಯಾರು ಅಂತ `Know Your AO` ದಲ್ಲಿ ಗೊತ್ತಾಗುತ್ತೆ.

26ಎಎಸ್‌ನಲ್ಲಿ ಇವತ್ತಿಗೂ ಎಂಟ್ರಿ ಬಂದಿಲ್ಲ ಅಂದ್ರೆ ಕಂಪನಿ ಟಿಡಿಎಸ್ ಮುರಿದು ಸರ್ಕಾರಕ್ಕೆ ಕಟ್ಟಿಲ್ಲದಿರಬಹುದು. ಆಗ ರೀಪ್ರೊಸೆಸ್ ಮಾಡಿಸಿದರೂ ಅದೇ ಉತ್ತರ ಬರುತ್ತೆ. ಸೆಕ್ಷನ್ 205 ಪ್ರಕಾರ, ನಿಮ್ಮ ಸಂಬಳದಲ್ಲಿ ಮುರಿದಾಗಿರುವ ತೆರಿಗೆಯನ್ನ ಮತ್ತೆ ನಿಮ್ಮಿಂದ ಕೇಳುವಂತಿಲ್ಲ. ಇಂಥ ಡಿಮ್ಯಾಂಡ್‌ಗಳನ್ನ ನೌಕರರ ಮೇಲೆ ಬಲವಂತವಾಗಿ ವಸೂಲಿ ಮಾಡಬೇಡಿ ಅಂತ ಸಿಬಿಡಿಟಿ 2015ರಲ್ಲಿ ಆಫೀಸರ್‌ಗಳಿಗೆ ಹೇಳಿ, 2016ರಲ್ಲಿ ಮತ್ತೆ ನೆನಪಿಸಿದೆ. ಪೇಸ್ಲಿಪ್, ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ಆಫೀಸರ್‌ಗೆ ಬರೆಯಿರಿ. ಗ್ರಾಸ್ ಸಂಬಳದಲ್ಲಿ ಟಿಡಿಎಸ್ ಕಳೆದ ಮೇಲಿನ ಮೊತ್ತವೇ ಅಕೌಂಟ್‌ಗೆ ಬಂದಿದೆ ಅನ್ನೋದು ನಿಮ್ಮ ಮುಖ್ಯ ಸಾಕ್ಷಿ.

ಇನ್ನು ಲೆಕ್ಕ ನೋಡಿ ಡಿಮ್ಯಾಂಡ್ ಸರಿ ಅಂತಲೇ ಅನ್ನಿಸಿದರೆ, ಉದಾಹರಣೆಗೆ ಎಫ್‌ಡಿ ಬಡ್ಡಿ ತೋರಿಸೋದು ಬಿಟ್ಟುಹೋಗಿದ್ದರೆ, ಒಪ್ಪಿಕೊಂಡು ಮುಗಿಸಿ. ಕಟ್ಟದೆ ಬಿಟ್ಟ ಪ್ರತಿ ತಿಂಗಳೂ ಒಂದು ಪರ್ಸೆಂಟ್ ಬೆಳೆಯುತ್ತೆ.

ಇವತ್ತು ಪೋರ್ಟಲ್‌ಗೆ ಲಾಗಿನ್ ಆದಾಗ ಮೊದಲು ಪ್ರೊಫೈಲ್‌ನಲ್ಲಿ ನಿಮ್ಮ ಸ್ವಂತ ಇಮೇಲ್, ಈಗಿನ ಮೊಬೈಲ್ ಇದೆಯಾ ನೋಡಿ. ಆಮೇಲೆ `Response to Outstanding Demand` ತೆರೆದು ಯಾವ ವರ್ಷದ್ದಾದರೂ ಬಾಕಿ ಕೂತಿದೆಯಾ ನೋಡಿ. ಮುಂದಿನ ರೀಫಂಡ್‌ಗೆ ಮುಂಚೆಯೇ ಅದನ್ನ ತೀರಿಸಬಹುದು.