ಕಾರ್ನೊ ನಕ್ಷೆಯಲ್ಲಿ ಪ್ರತಿಫಲಿತ ಸಂಕೇತಕ್ರಮ ಮತ್ತು ನೆರೆಮನೆಯ ಅರ್ಥ

ತರ್ಕಮಂಡಲಗಳ ವಿನ್ಯಾಸವನ್ನು ಕಲಿಯಲು ತೊಡಗಿದ ವಿದ್ಯಾರ್ಥಿಗೆ ಕಾರ್ನೊ ನಕ್ಷೆಯಲ್ಲಿ ಮೊದಲು ಎದುರಾಗುವ ವಿಚಿತ್ರ ಸಂಗತಿಯೆಂದರೆ ಅದರ ಅಂಚಿನಲ್ಲಿ ಬರೆದ ಅಂಕಿಗಳ ಕ್ರಮ. 00, 01, 10, 11 ಎಂಬ ಎಣಿಕೆಯ ಕ್ರಮ ಅಲ್ಲಿಲ್ಲ. 00, 01, 11, 10 ಎಂಬ ಕ್ರಮವಿದೆ. ಇದನ್ನು ಒಂದು ರೂಢಿಯೆಂದು ಕಂಠಪಾಠ ಮಾಡಿದವರು ನಕ್ಷೆಯನ್ನು ತುಂಬಬಲ್ಲರು. ಆದರೆ ಯಾವ ಮನೆಗಳನ್ನು ಕೂಡಿಸಬಹುದು, ಯಾವುದನ್ನು ಕೂಡಿಸಬಾರದು ಎಂಬಲ್ಲಿ ಅವರು ಎಡವುತ್ತಾರೆ. ಕ್ರಮದ ಕಾರಣವೂ ನೆರೆತನದ ಅರ್ಥವೂ ಒಂದೇ ವಿಷಯದ ಎರಡು ಮುಖಗಳಾದುದರಿಂದ ಅವೆರಡನ್ನೂ ಒಟ್ಟಿಗೆ ಪರಿಶೀಲಿಸುವುದು ಉಚಿತ.

ಬೆಲ್ ಪ್ರಯೋಗಾಲಯದ ಮಾರಿಸ್ ಕಾರ್ನೊ 1953ರಲ್ಲಿ ಈ ನಕ್ಷಾವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲು, 1952ರಲ್ಲಿ, ಎಡ್ವರ್ಡ್ ವೀಚ್ ಇಂಥದೇ ಉದ್ದೇಶದ ಕೋಷ್ಟಕವೊಂದನ್ನು ಮುಂದಿಟ್ಟಿದ್ದರು. ನಕ್ಷೆಯ ಅಂಚುಗಳಲ್ಲಿ ಬಳಕೆಯಾಗುವ ಸಂಕೇತಕ್ರಮಕ್ಕೆ ಅದೇ ಪ್ರಯೋಗಾಲಯದ ಫ್ರಾಂಕ್ ಗ್ರೇ ಅವರ ಹೆಸರು ಅಂಟಿಕೊಂಡಿದೆ. ಗ್ರೇ 1947ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಯ ವಿಷಯ ಧ್ವನಿಸಂಕೇತಗಳನ್ನು ಅಂಕಿಗಳಾಗಿ ಕಳುಹಿಸುವುದು, ತರ್ಕಸೂತ್ರಗಳ ಸರಳೀಕರಣವಲ್ಲ. 7ರಿಂದ 8ಕ್ಕೆ ಹೋಗುವಾಗ ಸಾಮಾನ್ಯ ದ್ವಿಮಾನ ಬರಹದಲ್ಲಿ 0111 ಎಂಬುದು 1000 ಆಗುತ್ತದೆ, ಅಂದರೆ ನಾಲ್ಕು ಅಂಕಿಗಳೂ ಏಕಕಾಲಕ್ಕೆ ಬದಲಾಗಬೇಕು. ಆ ಕ್ಷಣದಲ್ಲಿ ಓದಿದರೆ ಭಾರಿ ತಪ್ಪು ಸಂಭವಿಸಬಹುದು. ಪ್ರತಿ ಹೆಜ್ಜೆಗೂ ಒಂದೇ ಅಂಕಿ ಬದಲಾಗುವ ಕ್ರಮದಲ್ಲಿ ಈ ಅಪಾಯವಿಲ್ಲ. ಇದೇ ಗುಣ ಬೇರೊಂದು ಕಾರಣಕ್ಕಾಗಿ ಕಾರ್ನೊ ನಕ್ಷೆಗೂ ಬೇಕಾಯಿತು.

ಆ ಕಾರಣವನ್ನು ಒಂದು ಸೂತ್ರ ತಿಳಿಸುತ್ತದೆ: XY + XY' = X. ಎರಡು ಪದಗಳು ಒಂದೇ ಒಂದು ಚರದಲ್ಲಿ ಭಿನ್ನವಾಗಿದ್ದು ಉಳಿದುದರಲ್ಲೆಲ್ಲ ಸಮಾನವಾಗಿದ್ದರೆ ಆ ಚರ ಅಳಿದುಹೋಗುತ್ತದೆ. ನಕ್ಷೆಯಲ್ಲಿ ಎರಡು ಮನೆಗಳು ನೆರೆಮನೆಗಳು ಎಂಬುದಕ್ಕೆ ಇಷ್ಟೇ ಅರ್ಥ: ಅವುಗಳ ವಿಳಾಸ ಒಂದೇ ಅಂಕಿಯಲ್ಲಿ ಬೇರೆಯಾಗಿದೆ. ಕಾಗದದ ಮೇಲೆ ಅವು ತಾಗಿಕೊಂಡಿವೆಯೇ ಎಂಬುದು ನಿಜವಾದ ಪ್ರಶ್ನೆಯಲ್ಲ. ತಾಗಿಕೊಂಡಿರುವುದು ಆ ಸಂಬಂಧವನ್ನು ಕಣ್ಣಿಗೆ ಕಾಣಿಸುವ ಉಪಾಯ ಮಾತ್ರ. ಪ್ರತಿಫಲಿತ ಕ್ರಮವನ್ನು ಆರಿಸಿರುವುದು ಈ ಉಪಾಯ ಫಲಿಸಲೆಂದೇ.

ನಾಲ್ಕು ಚರಗಳ ನಕ್ಷೆಯಲ್ಲಿ ಮನೆಗಳ ಸಂಖ್ಯೆಗಳು ಹೀಗೆ ಬರುತ್ತವೆ:

```
          CD
AB     00  01  11  10
00      0   1   3   2
01      4   5   7   6
11     12  13  15  14
10      8   9  11  10
```

ವಿಳಾಸದಲ್ಲಿ ನಾಲ್ಕು ಅಂಕಿಗಳಿರುವುದರಿಂದ ಪ್ರತಿ ಮನೆಗೂ ನಿಖರವಾಗಿ ನಾಲ್ಕು ನೆರೆಮನೆಗಳಿರಬೇಕು. ಚೌಕಗಳ ಜಾಲದಲ್ಲಿಯೂ ಎಡ, ಬಲ, ಮೇಲೆ, ಕೆಳಗೆ ಎಂದು ನಾಲ್ಕು ಸ್ಥಾನಗಳಿವೆ. ಅಂಚಿನ ಮನೆಗಳಿಗೆ ಒಂದೆರಡು ಸ್ಥಾನಗಳು ಕಡಿಮೆಯಾಗುತ್ತವೆ. ಆದರೆ ಕೊನೆಯ ಕಂಬಸಾಲಿನ 10 ಮತ್ತು ಮೊದಲನೆಯದರ 00 ಒಂದೇ ಅಂಕಿಯಲ್ಲಿ ಬೇರೆಯಾಗಿರುವುದರಿಂದ ಎಡದ ಅಂಚು ಬಲದ ಅಂಚಿಗೆ, ಮೇಲಿನ ಅಂಚು ಕೆಳಗಿನ ಅಂಚಿಗೆ ಕೂಡಿಕೊಳ್ಳುತ್ತದೆ. ಹೀಗೆ ಅಂಚುಗಳನ್ನು ಸುತ್ತಿ ಕೂಡಿಸಿದರೆ ತಾಗುವ ಮನೆಗಳೆಲ್ಲ ನೆರೆಮನೆಗಳು. ನೆರೆಮನೆಗಳೆಲ್ಲ ತಾಗುವ ಮನೆಗಳು. ಮೂಲೆಯಿಂದ ಮೂಲೆಗೆ ಓರೆಯಾಗಿರುವ ಮನೆಗಳಲ್ಲಿ ಎರಡು ಅಂಕಿಗಳು ಬದಲಾಗುವುದರಿಂದ ಅವು ನೆರೆಮನೆಗಳಲ್ಲ.

ಎಣಿಕೆಯ ಕ್ರಮವನ್ನೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು? 01 ಮತ್ತು 10 ಪಕ್ಕಪಕ್ಕದಲ್ಲಿ ಬರುತ್ತವೆ, ಆದರೆ ಅವುಗಳಲ್ಲಿ ಎರಡು ಅಂಕಿಗಳೂ ಬೇರೆ. AB = 01 ಇರುವ ಅಡ್ಡಸಾಲಿನಲ್ಲಿ 5 ಮತ್ತು 6ನೆಯ ಮನೆಗಳಲ್ಲಿ ಮಾತ್ರ 1 ಇದೆ ಎಂದುಕೊಳ್ಳೋಣ. ಅವು ತಾಗಿಕೊಂಡಿವೆಯೆಂದು ನಂಬಿದವನು C, D ಎರಡನ್ನೂ ಅಳಿಸಿ A'B ಎಂದು ಬರೆಯುತ್ತಾನೆ. ಆದರೆ A'B ಎಂಬುದು 4 ಮತ್ತು 7ನೆಯ ಮನೆಗಳಲ್ಲಿಯೂ 1 ಕೊಡುತ್ತದೆ. ಸರಿಯಾದ ಉತ್ತರ A'BC'D + A'BCD'; ಇವೆರಡು ಕೂಡುವುದಿಲ್ಲ. ಇದಲ್ಲದೆ 00 ಮತ್ತು 10, 01 ಮತ್ತು 11 ನಿಜವಾದ ನೆರೆಗಳಾಗಿದ್ದರೂ ದೂರ ಸರಿದುಹೋಗುತ್ತವೆ. ಅಂದರೆ ಎಣಿಕೆಯ ಕ್ರಮ ಸುಳ್ಳು ನೆರೆಯನ್ನು ತೋರಿಸುತ್ತದೆ, ನಿಜವಾದ ನೆರೆಯನ್ನು ಮರೆಮಾಡುತ್ತದೆ. ಈ ಎರಡು ದೋಷಗಳ ಫಲ ಒಂದೇ ಅಲ್ಲ. ಸುಳ್ಳು ನೆರೆಯನ್ನು ನಂಬಿದರೆ ಮಂಡಲವೇ ತಪ್ಪಾಗುತ್ತದೆ. ನಿಜವಾದ ನೆರೆಯನ್ನು ಕಾಣದಿದ್ದರೆ ಮಂಡಲ ಸರಿಯಾಗಿಯೇ ಕೆಲಸಮಾಡುತ್ತದೆ, ಆದರೆ ಅನಗತ್ಯ ಗೇಟುಗಳನ್ನು ಹೊತ್ತಿರುತ್ತದೆ.

ಮನೆಗಳ ಸಂಖ್ಯೆಗಳಿಂದ ನೆರೆತನವನ್ನು ಊಹಿಸುವಾಗಲೂ ಎಚ್ಚರ ಅಗತ್ಯ. ನೆರೆಮನೆಗಳ ಸಂಖ್ಯೆಗಳ ವ್ಯತ್ಯಾಸ ಯಾವಾಗಲೂ 1, 2, 4 ಅಥವಾ 8 ಆಗಿರುತ್ತದೆ. ಆದರೆ ಇದರ ವಿಲೋಮ ಸತ್ಯವಲ್ಲ: 7 ಮತ್ತು 8ರ ವ್ಯತ್ಯಾಸ 1 ಆಗಿದ್ದರೂ ಅವುಗಳ ನಾಲ್ಕು ಅಂಕಿಗಳೂ ಬೇರೆ. ಆದುದರಿಂದ ವಿಳಾಸಗಳನ್ನೇ ಹೋಲಿಸಬೇಕು.

ಒಂದು ಪೂರ್ಣ ಉದಾಹರಣೆ: 0, 2, 5, 7, 8, 10, 13, 15ನೆಯ ಮನೆಗಳಲ್ಲಿ 1 ಇದೆ. 5, 7, 13, 15 ನಕ್ಷೆಯ ನಡುವೆ ಚೌಕವಾಗಿ ನಿಂತಿವೆ; ನಾಲ್ಕರಲ್ಲಿಯೂ B = 1, D = 1. ಆದುದರಿಂದ BD. ಉಳಿದ ನಾಲ್ಕು ಮನೆಗಳು ನಾಲ್ಕು ಮೂಲೆಗಳಲ್ಲಿ ಒಂಟಿಯಾಗಿರುವಂತೆ ಕಾಣುತ್ತವೆ. ಅವುಗಳ ವಿಳಾಸ 0000, 0010, 1000, 1010. ಎಲ್ಲದರಲ್ಲಿಯೂ B = 0, D = 0; ಆದುದರಿಂದ B'D'. ಉತ್ತರ F = BD + B'D', ಅಂದರೆ B ಮತ್ತು D ಸಮಾನವಾಗಿದ್ದಾಗ 1. ಮೂಲೆಗಳನ್ನು ಒಂಟಿಯೆಂದು ಬಿಟ್ಟವನಿಗೆ B'D' ಎಂಬ ಒಂದು ಪದದ ಬದಲಿಗೆ ನಾಲ್ಕು ಚರಗಳ ನಾಲ್ಕು ಪದಗಳು ಉಳಿಯುತ್ತವೆ.

ಗುಂಪು ಸರಿಯೇ ಎಂಬುದಕ್ಕೆ ಒಂದು ಪರೀಕ್ಷೆಯಿದೆ. ಎರಡು ಮನೆಗಳ ಗುಂಪಿನಲ್ಲಿ ಪ್ರತಿ ಮನೆಗೂ ಗುಂಪಿನೊಳಗೆ ಒಂದು ನೆರೆ, ನಾಲ್ಕರ ಗುಂಪಿನಲ್ಲಿ ಎರಡು, ಎಂಟರ ಗುಂಪಿನಲ್ಲಿ ಮೂರು ನೆರೆಗಳಿರಬೇಕು. ಮೂಲೆಗಳಲ್ಲಿ 0ಕ್ಕೆ 2 ಮತ್ತು 8 ನೆರೆಗಳು. 10ಕ್ಕೂ ಅವೇ ನೆರೆಗಳು. ಸಾಲಿನಲ್ಲಿರುವ ಮೂರು ಮನೆಗಳಾಗಲಿ, ಮುರಿದ ಮೊಣಕೈಯಂತೆ ನಿಂತ ನಾಲ್ಕು ಮನೆಗಳಾಗಲಿ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಇನ್ನು 'ಪ್ರತಿಫಲಿತ' ಎಂಬ ವಿಶೇಷಣದ ಮಾತು. 0, 1 ಎಂಬ ಸಾಲನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ 1, 0 ಎಂದು ಮುಂದುವರಿಸಿ, ಮೊದಲರ್ಧಕ್ಕೆ 0, ಎರಡನೆಯದಕ್ಕೆ 1 ಸೇರಿಸಿದರೆ 00, 01, 11, 10 ದೊರೆಯುತ್ತದೆ. ಎರಡು ಅಂಕಿಗಳಿಗೆ, ಆರಂಭಸ್ಥಾನ ಮತ್ತು ದಿಕ್ಕನ್ನು ಬಿಟ್ಟರೆ, ಬೇರೆ ವೃತ್ತಕ್ರಮವೇ ಇಲ್ಲ. ಪ್ರತಿಫಲನದ ನಿಜವಾದ ಉಪಯೋಗ ಐದು ಚರಗಳ ನಕ್ಷೆಯಲ್ಲಿ ಕಾಣುತ್ತದೆ. ಅಲ್ಲಿ ಎಂಟು ಕಂಬಸಾಲುಗಳು: 000, 001, 011, 010, 110, 111, 101, 100. ಪ್ರತಿ ಮನೆಗೂ ಐದು ನೆರೆಗಳಿರಬೇಕು, ಆದರೆ ಕಾಗದ ಒದಗಿಸುವುದು ನಾಲ್ಕು ಸ್ಥಾನಗಳನ್ನು ಮಾತ್ರ. ಹೀಗಾಗಿ ಪ್ರತಿ ಮನೆಗೂ ಒಂದು ನೆರೆ ಕಣ್ಣಿಗೆ ತಪ್ಪಿಸಿಕೊಳ್ಳುತ್ತದೆ. ನಕ್ಷೆಯನ್ನು ನಡುಗೆರೆಯಲ್ಲಿ ಮಡಿಸಿದರೆ 001ರ ಮೇಲೆ 101, 011ರ ಮೇಲೆ 111 ಬಂದು ಕೂರುತ್ತವೆ. ಇವು ಆ ತಪ್ಪಿಸಿಕೊಂಡ ನೆರೆಗಳು. 000 ಮತ್ತು 010ರ ಸಂಬಂಧ ಎಡದ ಅರ್ಧದ ನಡುಗೆರೆಯಲ್ಲಿ ಮಡಿಸಿದಾಗ, 110 ಮತ್ತು 100ರ ಸಂಬಂಧ ಬಲದ ಅರ್ಧವನ್ನು ಹಾಗೆಯೇ ಮಡಿಸಿದಾಗ ದೊರೆಯುತ್ತದೆ. ಇಲ್ಲಿ ಸುಳ್ಳು ನೆರೆ ಇಲ್ಲ, ಮರೆಯಾದ ನೆರೆ ಮಾತ್ರ ಇದೆ. ಹೀಗಾಗಿಯೇ ಐದು ಚರಗಳ ನಕ್ಷೆಯನ್ನು ಒಂದರ ಮೇಲೊಂದು ಇಟ್ಟ ಎರಡು ನಾಲ್ಕುಚರದ ನಕ್ಷೆಗಳಾಗಿಯೂ ಬರೆಯುವುದುಂಟು. ಆರು ಚರಗಳಲ್ಲಿ ಅಡ್ಡಸಾಲು, ಕಂಬಸಾಲು ಎರಡರಲ್ಲಿಯೂ ಇಂಥ ಮರೆ ಉಂಟಾಗುತ್ತದೆ. ಅದರಾಚೆ ಕಣ್ಣಿನ ನೆರವು ಕ್ಷೀಣಿಸಿ, ವಿಳಾಸಗಳನ್ನು ಪಟ್ಟಿಮಾಡಿ ಹೋಲಿಸುವ ವಿಧಾನಗಳೇ ಅನುಕೂಲವಾಗುತ್ತವೆ. ಅಲ್ಲಿಯೂ ನಿಯಮ ಬದಲಾಗುವುದಿಲ್ಲ: ಒಂದೇ ಅಂಕಿಯಲ್ಲಿ ಬೇರೆಯಾದ ಎರಡು ವಿಳಾಸಗಳು ಮಾತ್ರ ಕೂಡುತ್ತವೆ.